ಪಾಠದ ವಿಡಿಯೊ ಮುಗಿಯುವ ಮುನ್ನವೇ ಉತ್ತರವನ್ನು ಮುಚ್ಚುವ ಚೌಕಗಳು: ನೀವು ಹೇಗೆ ತೆಗೆಯುತ್ತೀರಿ?

ಶಿಡ್ಲಘಟ್ಟದ ವಿಜ್ಞಾನ ಶಿಕ್ಷಕಿ: ಹತ್ತನೆಯ ತರಗತಿಗೆ ಮಸೂರದ ಲೆಕ್ಕದ ಯೂಟ್ಯೂಬ್ ವಿಡಿಯೊ ತೋರಿಸುತ್ತೇನೆ. ಕೊನೆಯ ಹಂತ ಬರೆಯುವಾಗಲೇ ಬೇರೆ ವಿಡಿಯೊಗಳ ಚೌಕಗಳು ಅದರ ಮೇಲೆ ಕುಳಿತುಕೊಳ್ಳುತ್ತವೆ. ನಡುವೆ ಬಲಮೂಲೆಯಲ್ಲೂ ಒಂದು ಪಟ್ಟಿ ಹೊರಬರುತ್ತದೆ. ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಹಾಕುತ್ತೇನೆ. ಇವನ್ನು ಕಾಣದಂತೆ ಮಾಡಿದವರು ಇದ್ದೀರಾ?

ಗುಬ್ಬಿಯ ಪ್ರೌಢಶಾಲಾ ಶಿಕ್ಷಕ: ಮೇಡಂ, ಈಗ ಆ ಚೌಕಗಳ ಜೊತೆಗೇ ಮೇಲೆ Hide ಎಂಬ ಗುಂಡಿ ಬರುತ್ತದೆ. ಒತ್ತಿದರೆ ಎಲ್ಲವೂ ಮಾಯ. ಅದೊಂದು ಸಾಕು, ಬೇರೆ ಏನನ್ನೂ ಹಾಕಿಕೊಳ್ಳುವ ಅಗತ್ಯವಿಲ್ಲ.

ತಿಪಟೂರಿನ ಗಣಿತ ಶಿಕ್ಷಕ, ಶಾಲೆಯ ಕಂಪ್ಯೂಟರ್ ಕೊಠಡಿಯ ಹೊಣೆ ಹೊತ್ತವರು: ಗುಂಡಿ ಇರುವುದು ನಿಜ ಸರ್, ಆದರೆ ತರಗತಿಗೆ ಅದು ಸಾಲದು. ಚೌಕಗಳು ಬಂದ ಮೇಲೆಯೇ ಗುಂಡಿಯೂ ಬರುತ್ತದೆ. ಅದು ಆ ಒಂದು ವಿಡಿಯೊಗೆ ಮಾತ್ರ. ಹಲಗೆಯ ಬಳಿ ನಿಂತ ಶಿಕ್ಷಕರು ಲ್ಯಾಪ್‌ಟಾಪಿನ ಬಳಿಗೆ ಬರುವಷ್ಟರಲ್ಲಿ ಮಕ್ಕಳ ಕಣ್ಣು ಚೌಕದಲ್ಲಿರುವ ಚಿತ್ರದ ಮೇಲೆ ನೆಟ್ಟಿರುತ್ತದೆ.

ಮೇಡಂ ಹೇಳಿದ್ದು ಎರಡು ಬೇರೆ ವಸ್ತುಗಳು, ಮೂರನೆಯದೂ ಒಂದಿದೆ. ಯಾವುದು ಯಾವುದೆಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ನಡುವೆ ಬಲಮೂಲೆಯಲ್ಲಿ ಬರುವುದು ಕಾರ್ಡ್. ವಿಡಿಯೊ ಮಾಡಿದವರು ತಮಗೆ ಬೇಕಾದ ನಿಮಿಷದಲ್ಲಿ ಅದನ್ನು ಇಟ್ಟಿರುತ್ತಾರೆ, ಒಂದು ವಿಡಿಯೊದಲ್ಲಿ ಐದರವರೆಗೆ ಇಡಬಹುದು. ಕೊನೆಯಲ್ಲಿ ವಿಡಿಯೊ ಓಡುತ್ತಿರುವಾಗಲೇ ಬರುವ ಚೌಕಗಳು ಎಂಡ್‌ಸ್ಕ್ರೀನ್. ಅವನ್ನೂ ಮಾಡಿದವರೇ ಇಡುತ್ತಾರೆ, ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಮಾತ್ರ. ವಿಡಿಯೊ ಪೂರ್ತಿ ನಿಂತ ಮೇಲೆ ಪರದೆಯನ್ನು ತುಂಬುವ ಚಿತ್ರಗಳ ಗೋಡೆ ಮೂರನೆಯದು. ಅದನ್ನು ಇಡುವುದು ಯೂಟ್ಯೂಬ್. ನೀವು ಮನೆಯಲ್ಲಿ ನೋಡುವ ಖಾತೆಯಿಂದಲೇ ಶಾಲೆಯಲ್ಲೂ ತೆರೆದರೆ, ಮನೆಯಲ್ಲಿ ನೋಡಿದ ಧಾರಾವಾಹಿಯ ಚಿತ್ರವೂ ಅಲ್ಲಿ ಬರಬಹುದು. ಶಾಲೆಗೆಂದೇ ಬೇರೆ ಖಾತೆ ಇಟ್ಟುಕೊಳ್ಳುವುದನ್ನು ನಾನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ.

ನನ್ನ ಶಾಲೆಯ ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್ ಇದೆ, ಅದಕ್ಕೆ uBlock Origin ಎಂಬ ಆಡ್-ಆನ್ ಸೇರಿಸಿದ್ದೇನೆ. ಅದರ ಚಿಹ್ನೆಯನ್ನು ಒತ್ತಿ, ಹಲ್ಲುಚಕ್ರದ ಗುರುತಿನಿಂದ ಒಳಗೆ ಹೋದರೆ My filters ಎಂಬ ಪುಟ ಸಿಗುತ್ತದೆ. ಅಲ್ಲಿ ಈ ನಾಲ್ಕು ಸಾಲುಗಳನ್ನು ಅಂಟಿಸಿ Apply changes ಒತ್ತಿ:

```
www.youtube.com##.ytp-cards-teaser
www.youtube.com##.ytp-cards-button
www.youtube.com##.ytp-ce-element
www.youtube.com##.html5-endscreen
```

ಮೊದಲ ಎರಡು ಸಾಲು ಕಾರ್ಡಿಗೆ, ಮೂರನೆಯದು ಎಂಡ್‌ಸ್ಕ್ರೀನಿಗೆ, ನಾಲ್ಕನೆಯದು ಗೋಡೆಗೆ. ಆಮೇಲೆ ವಿಡಿಯೊ ಪುಟವನ್ನು ಮತ್ತೊಮ್ಮೆ ತೆರೆಯಬೇಕು.

ಮಾಲೂರಿನಿಂದ ಒಬ್ಬರು: ನಮ್ಮಲ್ಲೂ ಇದೇ ತೊಂದರೆ. ಹತ್ತು ನಿಮಿಷದ ಪಾಠಕ್ಕೆ ಮೊದಲೇ ಎರಡು ಜಾಹೀರಾತು, ನಡುವೆ ಮತ್ತೊಂದು. ಚಿಕ್ಕ ಮಕ್ಕಳ ಮುಂದೆ ಯಾವುದು ಬರುತ್ತದೋ ಎಂಬ ಭಯ. ಅದಕ್ಕೂ ಇದೇ ನಾಲ್ಕು ಸಾಲು ಆಗುತ್ತದೆಯೇ?

ತಿಪಟೂರಿನ ಗಣಿತ ಶಿಕ್ಷಕ: ಆಗುವುದಿಲ್ಲ. ಜಾಹೀರಾತು ಬೇರೆ ದಾರಿಯಲ್ಲಿ ಬರುತ್ತದೆ, ಮೇಡಂ ಕೇಳಿದ್ದು ಅದಲ್ಲ. ಈ ಸಾಲುಗಳು ವಿಡಿಯೊದ ಮೇಲೆ ಹಾಸಿದ ಚಿತ್ರಗಳನ್ನು ಮಾತ್ರ ಮರೆಮಾಡುತ್ತವೆ.

ಶಿಡ್ಲಘಟ್ಟದ ವಿಜ್ಞಾನ ಶಿಕ್ಷಕಿ: ಸರ್, ಸಾಲುಗಳನ್ನು ಹಾಕಿದೆ. ಬಲಮೂಲೆಯ ಪಟ್ಟಿ ಹೋಯಿತು. ಆದರೆ ಕೊನೆಯ ಚೌಕಗಳು ಒಮ್ಮೆ ಮಾಯವಾಗಿದ್ದವು, ಪ್ರೊಜೆಕ್ಟರಿಗೆ ಜೋಡಿಸಿದಾಗ ಮತ್ತೆ ಬಂದವು.

ತಿಪಟೂರಿನ ಗಣಿತ ಶಿಕ್ಷಕ: ಪ್ರೊಜೆಕ್ಟರಿನಿಂದ ಹಾಗಾಗಲು ಸಾಧ್ಯವಿಲ್ಲ. ತರಗತಿಯಲ್ಲಿ ಖಾಸಗಿ ಕಿಟಕಿಯಲ್ಲಿ ತೆರೆದಿರಾ? ಖಾಸಗಿ ಕಿಟಕಿಯಲ್ಲಿ ಫೈರ್‌ಫಾಕ್ಸ್ ಆಡ್-ಆನ್‌ಗಳನ್ನು ತಾನಾಗಿ ಓಡಿಸುವುದಿಲ್ಲ. ಆಡ್-ಆನ್‌ಗಳ ಪುಟದಲ್ಲಿ uBlock Origin ತೆರೆದು Run in Private Windows ಎಂಬಲ್ಲಿ ಅನುಮತಿ ಕೊಡಬೇಕು.

ಶಿಡ್ಲಘಟ್ಟದ ವಿಜ್ಞಾನ ಶಿಕ್ಷಕಿ: ಹೌದು, ಖಾಸಗಿ ಕಿಟಕಿಯೇ. ನನ್ನ ಖಾತೆ ಕಾಣಬಾರದೆಂದು ಹಾಗೆ ತೆರೆದಿದ್ದೆ. ಅನುಮತಿ ಕೊಟ್ಟ ಮೇಲೆ ಸರಿಯಾಯಿತು. ನನ್ನ ವಿಡಿಯೊ 11 ನಿಮಿಷ 40 ಸೆಕೆಂಡಿನದು. ಸಂಗಮ ದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಎತ್ತರ 2 ಸೆಂ.ಮೀ. ಬಿಂಬ 30 ಸೆಂ.ಮೀ.ನಲ್ಲಿ ಎಂಬುದು ಮೊದಲೇ ಬರುತ್ತದೆ. ವರ್ಧನೆ ಮೈನಸ್ 2, ಬಿಂಬದ ಎತ್ತರ ಮೈನಸ್ 4 ಸೆಂ.ಮೀ., ಅಂದರೆ ತಲೆಕೆಳಗು ಎಂಬುದನ್ನು 11 ನಿಮಿಷ 20 ಸೆಕೆಂಡಿನ ಆಚೆ ಬರೆಯುತ್ತಾರೆ. ಇಷ್ಟು ದಿನ ಆ ಮೈನಸ್ ಚಿಹ್ನೆಯ ಮೇಲೆಯೇ ಒಂದು ಚೌಕ ಕುಳಿತಿತ್ತು. ಮಕ್ಕಳು ಉತ್ತರವನ್ನು 4 ಎಂದೇ ಬರೆದುಕೊಂಡಿದ್ದರು.

ತಿಪಟೂರಿನ ಗಣಿತ ಶಿಕ್ಷಕ: ನನ್ನನ್ನು ಕಾಡುವುದೂ ಇದೇ. ಪಾಠ ಕಲಿಸುವವರು ಉತ್ತರವನ್ನು ಕೊನೆಯಲ್ಲಿ ಬರೆಯುತ್ತಾರೆ, ಚೌಕಗಳೂ ಕೊನೆಯಲ್ಲೇ ಬರುತ್ತವೆ. ತರಗತಿಗೆ ಮುನ್ನ ಕೀಲಿಮಣೆಯಲ್ಲಿ 9 ಒತ್ತಿ. ವಿಡಿಯೊ ನೂರಕ್ಕೆ ತೊಂಬತ್ತರ ಜಾಗಕ್ಕೆ ಹಾರುತ್ತದೆ, ನಿಮ್ಮದರಲ್ಲಿ ಅದು ಹತ್ತೂವರೆ ನಿಮಿಷ. ಅಲ್ಲಿಂದ ಕೊನೆಯವರೆಗೆ ಪೂರ್ಣ ಪರದೆಯಲ್ಲಿ ನೋಡಿಬಿಡಿ. ಯೂಟ್ಯೂಬ್ ತನ್ನ ಒಳಗಿನ ಹೆಸರುಗಳನ್ನು ಆಗಾಗ ಬದಲಿಸುತ್ತದೆ, ಆಗ ಈ ಸಾಲುಗಳು ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತವೆ. ಹಾಗಾದರೆ uBlock Origin ಚಿಹ್ನೆಯಲ್ಲಿರುವ ಡ್ರಾಪರ್ ಗುರುತನ್ನು ಒತ್ತಿ, ಬಂದಿರುವ ಚೌಕವನ್ನೇ ಕ್ಲಿಕ್ ಮಾಡಿದರೆ ಹೊಸ ಸಾಲನ್ನು ಅದೇ ಬರೆದುಕೊಡುತ್ತದೆ. ಅವಸರದಲ್ಲಿ ದೊಡ್ಡ ಭಾಗವನ್ನು ಆರಿಸಿಬಿಟ್ಟರೆ ವಿಡಿಯೊವೇ ಕಾಣೆಯಾಗುತ್ತದೆ. ಆಗ My filtersಗೆ ಹೋಗಿ ಆ ಸಾಲನ್ನು ಅಳಿಸಿದರಾಯಿತು.

ಚಿಂತಾಮಣಿಯ ಸಮಾಜ ವಿಜ್ಞಾನ ಶಿಕ್ಷಕಿ: ನಾನು ಯಾವ ಆಡ್-ಆನ್ ಕೂಡ ಹಾಕಿಲ್ಲ. ವಿಡಿಯೊದ ಮೇಲೆ ಬಲಗುಂಡಿ ಒತ್ತಿ Loop ಆರಿಸುತ್ತೇನೆ. ಮುಗಿದ ಕೂಡಲೇ ಅದೇ ವಿಡಿಯೊ ಮೊದಲಿನಿಂದ ಶುರುವಾಗುತ್ತದೆ, ಗೋಡೆ ಬರುವುದೇ ಇಲ್ಲ, ಮುಂದಿನ ವಿಡಿಯೊ ತಾನಾಗಿ ಓಡುವುದೂ ಇಲ್ಲ. ನನ್ನ ಖಾತೆಯ ಸೆಟ್ಟಿಂಗ್ಸ್‌ನಲ್ಲಿ Playback and performance ಎಂಬಲ್ಲಿ ಕಾರ್ಡ್‌ಗಳ ಗುರುತನ್ನೂ ತೆಗೆದಿದ್ದೆ. ಎಂಡ್‌ಸ್ಕ್ರೀನ್ ಮಾತ್ರ ಇದರಿಂದ ಹೋಗುವುದಿಲ್ಲ. ನಾನು ತೋರಿಸುವ ಸಾಕ್ಷ್ಯಚಿತ್ರಗಳಲ್ಲಿ ಕೊನೆಯ 20 ಸೆಕೆಂಡು ಬರೀ ಹೆಸರುಗಳು, ಆದ್ದರಿಂದ ನನಗೆ ಸಾಕು.

ಗುಬ್ಬಿಯ ಪ್ರೌಢಶಾಲಾ ಶಿಕ್ಷಕ: ಹಾಗಿದ್ದರೆ ವಿಡಿಯೊವನ್ನು ಬೇರೆ ಪುಟದಲ್ಲಿ ಸೇರಿಸಿ, ಕೊಂಡಿಯ ಕೊನೆಗೆ `rel=0` ಎಂದು ಹಾಕಬಹುದಲ್ಲ? ಅದರಿಂದ ಸಲಹೆಗಳು ನಿಲ್ಲುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು.

ತಿಪಟೂರಿನ ಗಣಿತ ಶಿಕ್ಷಕ: ಹಿಂದೆ ನಿಲ್ಲುತ್ತಿದ್ದವು. 2018ರ ಸೆಪ್ಟೆಂಬರ್‌ನಿಂದ ಅದರ ಅರ್ಥ ಬದಲಾಗಿದೆ. ಸಲಹೆಗಳು ಬಂದೇ ಬರುತ್ತವೆ, ಅದೇ ಚಾನೆಲ್‌ನವು ಬರುತ್ತವೆ ಅಷ್ಟೇ. ಹಾಗೆ ಸೇರಿಸಿದ ವಿಡಿಯೊವನ್ನು ವಿವರಣೆಗೆಂದು ನಡುವೆ ನಿಲ್ಲಿಸಿದರೂ ಕೆಳಗೆ ಬೇರೆ ವಿಡಿಯೊಗಳ ಸಾಲು ಬರುತ್ತದೆ. ನಾವು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ಮಾತನಾಡುವವರು, ಆದ್ದರಿಂದ ಆ ದಾರಿಯನ್ನು ನಾನು ಒಪ್ಪುವುದಿಲ್ಲ.

ಪಾವಗಡದ ಶಿಕ್ಷಕ: ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕೇ ನಿಲ್ಲುವುದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಆಪ್‌ಗೆ ಹೋಗಿ, ಪಾಠವನ್ನು ತುಮಕೂರಿನಲ್ಲಿ ಇರುವಾಗಲೇ ಇಳಿಸಿಕೊಂಡು ಬರುತ್ತೇನೆ. ಆಪ್‌ನಲ್ಲೇ ಇಳಿದ ಪಾಠಕ್ಕೆ ಈ ಚೌಕಗಳ ಗೊಡವೆ ಇಲ್ಲ. ಯೂಟ್ಯೂಬ್ ಕೊಂಡಿಯಾಗಿ ಸೇರಿಸಿದ ಪಾಠಗಳು ಮಾತ್ರ ಇಳಿಯುವುದಿಲ್ಲ. ನನ್ನ ಪ್ರಶ್ನೆ ಬೇರೆ: ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿ ಇದೆ, ಅದರ ಯೂಟ್ಯೂಬ್ ಆಪ್‌ನಲ್ಲಿ ಈ ಸಾಲುಗಳನ್ನು ಎಲ್ಲಿ ಹಾಕುವುದು?

ತಿಪಟೂರಿನ ಗಣಿತ ಶಿಕ್ಷಕ: ಟಿವಿಯ ಆಪ್‌ಗೆ ಆಡ್-ಆನ್ ಸೇರಿಸಲು ಬರುವುದಿಲ್ಲ ಸರ್. ನಮ್ಮಲ್ಲಿ ಟಿವಿಯನ್ನು ಎಚ್‌ಡಿಎಂಐ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸುತ್ತೇವೆ, ಟಿವಿ ಬರೀ ಪರದೆಯಾಗುತ್ತದೆ.

ಪಾವಗಡದ ಶಿಕ್ಷಕ: ಲ್ಯಾಪ್‌ಟಾಪ್ ಇಲ್ಲ, ನನ್ನ ಮೊಬೈಲ್ ಒಂದೇ. ಮೊಬೈಲಿನ ಫೈರ್‌ಫಾಕ್ಸ್‌ಗೂ uBlock Origin ಸಿಗುತ್ತದೆ ಎಂದು ಕೇಳಿದ್ದೇನೆ. ಅದರಲ್ಲಿ ವಿಡಿಯೊ ತೆರೆದು ಇಡೀ ಮೊಬೈಲ್ ಪರದೆಯನ್ನೇ ಟಿವಿಗೆ ಕಳುಹಿಸಿದವರು ಯಾರಾದರೂ ಇದ್ದರೆ, ಧ್ವನಿ ಹಿಂದೆ ಬೀಳುತ್ತದೆಯೇ ಎಂದು ತಿಳಿಸಿ.