ಅಪ್‌ಡೇಟ್: ಕಡಿಮೆ ವೇಗದಲ್ಲಿ ಫ್ಯಾನ್ ಗುಂಯ್‌ಗುಡುತ್ತಿದ್ದುದು ರೆಗ್ಯುಲೇಟರಿನಿಂದ

ನನ್ನ ಪ್ರಶ್ನೆ: "ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ಶಾಂತವಾಗಿದೆ, ವೇಗ ತಗ್ಗಿಸಿದರೆ ಗುಂಯ್ ಎನ್ನುತ್ತದೆ. ಕೆಪಾಸಿಟರ್ ಹೋಗಿದೆಯೇ?"

ಕೆಪಾಸಿಟರ್ ಹೋಗಿರಲಿಲ್ಲ. ಅದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದಿದೆ, ಎಲೆಕ್ಟ್ರಿಷಿಯನ್ ಅಳೆದಾಗ 2.4 ಬಂದಿತು. ಅದು ಸೊರಗಿದ್ದರೆ ಪೂರ್ಣ ವೇಗದಲ್ಲೂ ಫ್ಯಾನ್ ನಿಧಾನವಾಗಿಯೇ ತಿರುಗುತ್ತಿತ್ತು.

ಗೋಡೆಯಲ್ಲಿದ್ದದ್ದು ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸುವ, ನುಣ್ಣಗೆ ತಿರುಗುವ ಗುಂಡಿಯ ರೆಗ್ಯುಲೇಟರ್. ಅದು ವಿದ್ಯುತ್ತಿನ ಪ್ರತಿ ಅರ್ಧ ಅಲೆಯ ಆರಂಭದ ಭಾಗವನ್ನು ತಡೆದು, ಉಳಿದದ್ದನ್ನು ಥಟ್ಟನೆ ಬಿಡುತ್ತದೆ. 50 ಹರ್ಟ್ಸ್ ಪೂರೈಕೆಯಲ್ಲಿ ಇದು ಸೆಕೆಂಡಿಗೆ 100 ಸಲ ನಡೆಯುತ್ತದೆ. ಒಂದೊಂದು ಹೊಡೆತಕ್ಕೂ ಮೋಟಾರಿನ ಉಕ್ಕಿನ ಪದರಗಳೂ ಸುರುಳಿಗಳೂ ಅದುರುತ್ತವೆ. ವೇಗ ತಗ್ಗಿಸಿದಷ್ಟೂ ಅಲೆಯ ಕಡಿತ ಹೆಚ್ಚು, ಗುಂಯ್ ಸದ್ದನ್ನು ಮುಚ್ಚಿಹಾಕಲು ಗಾಳಿಯ ಸದ್ದೂ ಇರುವುದಿಲ್ಲ.

ಮುಖ್ಯ ಸ್ವಿಚ್ ಆರಿಸಿ ಕೆಪಾಸಿಟರ್ ಬಗೆಯ ಹಂತದ ರೆಗ್ಯುಲೇಟರ್ ಹಾಕಿಸಿದೆ. ಇದರಲ್ಲಿ ಫ್ಯಾನಿಗೆ ಸರಣಿಯಲ್ಲಿ ಸೇರುವ ಕೆಪಾಸಿಟರ್ ವೋಲ್ಟೇಜನ್ನು ತಗ್ಗಿಸುತ್ತದೆ, ಅಲೆಯನ್ನು ಕತ್ತರಿಸುವುದಿಲ್ಲ. ಎಷ್ಟು ಹಿತ! ಗುಂಯ್‌ಗುಟ್ಟುವಿಕೆ ಬಹುತೇಕ ನಿಂತಿದೆ. ಅತಿ ಕಡಿಮೆ ಹಂತದಲ್ಲಿ ಕಿವಿಗೊಟ್ಟರೆ ಮಾತ್ರ ಸಣ್ಣಗೆ ಕೇಳುತ್ತದೆ. ಆದರೆ ಎರಡು ಹಂತಗಳ ನಡುವಿನ ವೇಗ ಇನ್ನು ಸಿಗುವುದಿಲ್ಲ.

ಟೇಬಲ್ ಫ್ಯಾನಿನಂತೆ ಸುರುಳಿಯ ನಡುವಿನಿಂದ ಟ್ಯಾಪ್ ಎಂಬ ತಂತಿಗಳನ್ನು ಹೊರತೆಗೆದು ವೇಗ ಬದಲಿಸುವ ಸಲಹೆಯನ್ನೂ ಕೇಳಿದೆ. ಅಲ್ಲಿಯೂ ಅಲೆ ಕೆಡುವುದಿಲ್ಲ ನಿಜ, ಆದರೆ ಟ್ಯಾಪ್‌ಗಳನ್ನು ಸುತ್ತುವಾಗಲೇ ಕೊಟ್ಟಿರಬೇಕು. ನನ್ನ ಫ್ಯಾನಿನಲ್ಲಿ ಅವಿಲ್ಲ; ಇದಕ್ಕಾಗಿ ಮೋಟಾರನ್ನು ಮತ್ತೆ ಸುತ್ತಿಸುವುದು ವ್ಯರ್ಥ.