ಮುಂದೆ ಬೀಮ್ ಇಲ್ಲದ ವರಾಂಡಾ ಸ್ಲ್ಯಾಬ್: ಮೇನ್ ರಾಡ್ ಯಾವ ಕಡೆಗೆ?

ಬೆಟಗೇರಿ_ಮನೆ

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮ ಹಳೇ ಮನೆಯ ಮುಂದೆ ವರಾಂಡಾಕ್ಕೆ ಸ್ಲ್ಯಾಬ್ ಹಾಕಿಸುತ್ತಿದ್ದೇನೆ. ಗುರುವಾರ ಕಾಂಕ್ರೀಟ್ ಅಂತ ಮಾತಾಗಿದೆ, ಅದಕ್ಕೇ ಅವಸರದಲ್ಲಿ ಕೇಳುತ್ತಿದ್ದೇನೆ.

ಮನೆ ಗೋಡೆಯಿಂದ ಮುಂದಕ್ಕೆ 8 ಅಡಿ, ಎಡದಿಂದ ಬಲಕ್ಕೆ 15 ಅಡಿ. ಹಿಂದೆ ಮನೆಯ ಗೋಡೆ ಇದೆ. ಎಡಕ್ಕೂ ಬಲಕ್ಕೂ 9 ಇಂಚಿನ ಇಟ್ಟಿಗೆ ಗೋಡೆ ಹೊಸದಾಗಿ ಕಟ್ಟಿಸಿದ್ದೇನೆ. ಮುಂದಿನ ಕಡೆ ಪೂರ್ತಿ ತೆರೆದಿದೆ. ಗಾಡಿ ತಿರುಗಿಸೋಕೆ ಜಾಗ ಬೇಕು, ಹಾಗಾಗಿ ಮಧ್ಯೆ ಕಂಬ ಬೇಡ ಅಂದಿದ್ದೇನೆ. ಮುಂದೆ ಮೇಲೊಂದು ರೂಮು ಕಟ್ಟುವ ಆಸೆಯೂ ಇದೆ.

ಸ್ಲ್ಯಾಬ್ 5 ಇಂಚು. ಗೌಂಡಿ ಕೆಳಗೆ 10 ಎಂಎಂ ರಾಡನ್ನು 8 ಅಡಿ ಕಡೆಗೆ 6 ಇಂಚಿಗೊಂದರಂತೆ ಹಾಕಿದ್ದಾರೆ. ಅದರ ಮೇಲೆ 8 ಎಂಎಂ ರಾಡು 15 ಅಡಿ ಕಡೆಗೆ, 8 ಇಂಚಿಗೊಂದು. ಮುಂದಿನ ಅಂಚಿನಲ್ಲಿ 5 ಇಂಚಿನ ದಪ್ಪದೊಳಗೇ 12 ಎಂಎಂ ನಾಲ್ಕು ರಾಡ್ ಇಟ್ಟು ರಿಂಗ್ ಕಟ್ಟಿ, ಇದು ಕನ್ಸೀಲ್ಡ್ ಬೀಮ್ ಅಂತಾರೆ.

ನಮ್ಮ ಭಾವ ಬಂದು ನೋಡಿ, 15ನ್ನು 8ರಿಂದ ಭಾಗಿಸಿದರೆ 1.87 ಬರುತ್ತೆ, 2ಕ್ಕಿಂತ ಕಡಿಮೆ, ಅಂದ್ರೆ ಇದು ಟೂ ವೇ, ಭಾರ ಎರಡೂ ದಿಕ್ಕಿಗೆ ಹೋಗುತ್ತೆ, ಎರಡೂ ಕಡೆ 10 ಎಂಎಂ ಹಾಕಬೇಕು ಅಂತ ಹೇಳಿ ಹೋದರು. ಗೌಂಡಿ ಒಪ್ಪುತ್ತಿಲ್ಲ. ಯಾರದು ಸರಿ?

ರಾಣೆಬೆನ್ನೂರು_ರಾಡ್

ಗೌಂಡಿ ಮಾಡಿದ್ದೇ ಸರಿ ಅಣ್ಣಾ. ನಾನು ಇಪ್ಪತ್ತು ವರ್ಷದಿಂದ ಕಬ್ಬಿಣ ಕಟ್ಟುತ್ತಿದ್ದೇನೆ. ಯಾವ ರೂಮಾದರೂ ಸಣ್ಣ ಕಡೆಗೆ ಭಾರ ಹೊರುವ ಮೇನ್ ರಾಡ್, ಅದು ಕೆಳಗೆ. ಉದ್ದ ಕಡೆಗೆ ಭಾರ ಹಂಚುವ ಡಿಸ್ಟ್ರಿಬ್ಯೂಶನ್ ರಾಡ್, ಅದು ಮೇಲೆ. ಕೆಳಗಿನದರ ಅಡಿಗೆ ಕವರ್ ಬ್ಲಾಕ್ ಇದೆಯಾ ನೋಡಿಕೊಳ್ಳಿ, ಅಷ್ಟೇ. ಭಾವನವರ ಲೆಕ್ಕದಲ್ಲಿ ಕಬ್ಬಿಣ ಸುಮ್ನೆ ಜಾಸ್ತಿ ಆಗುತ್ತೆ.

ಧಾರವಾಡ_ಸೈಟ್

ಕಾಂಕ್ರೀಟ್ ಹಾಕಿಸಬೇಡಿ. ಮೊದಲು ಗುರುವಾರದ ಕೆಲಸ ನಿಲ್ಲಿಸಿ, ಆಮೇಲೆ ಓದಿ.

ಗೌಂಡಿಯೂ ನಿಮ್ಮ ಭಾವನೂ ಒಂದೇ ಮಾತನ್ನು ಗಟ್ಟಿ ಅಂದುಕೊಂಡು ಹೊರಟಿದ್ದಾರೆ, ಸ್ಲ್ಯಾಬಿಗೆ ನಾಲ್ಕೂ ಕಡೆ ಆಧಾರ ಇದೆ ಅಂತ. ಸಣ್ಣ ಕಡೆಗೆ ಮೇನ್ ರಾಡ್ ಅನ್ನೋದು, 2ಕ್ಕಿಂತ ಜಾಸ್ತಿಯೋ ಕಡಿಮೆಯೋ ಅನ್ನೋದು, ಎರಡೂ ನಾಲ್ಕು ಕಡೆ ಕೂತ ಸ್ಲ್ಯಾಬಿನ ಮಾತು. ನಿಮ್ಮದು ಕೂತಿರೋದು ಮೂರೇ ಕಡೆ. ಅಳತೆ ಹಿಡಿಯುವ ಮೊದಲು ಸ್ಲ್ಯಾಬು ಯಾವ್ಯಾವುದರ ಮೇಲೆ ಕೂರುತ್ತೆ ಅಂತ ನೋಡಬೇಕು.

ಹಗ್ಗದ ಹೊರಸು ನೋಡಿರ್ತೀರಲ್ವಾ? ಅದರ ಉದ್ದನೆಯ ಒಂದು ಗಳ ತೆಗೆದುಬಿಟ್ಟರೆ ಆ ಗಳಕ್ಕೆ ಕಟ್ಟಿದ್ದ ಹಗ್ಗ ಜೋತುಬೀಳುತ್ತೆ. ಭಾರ ಹೊರೋದು ತಲೆ ಕಡೆಯಿಂದ ಕಾಲ ಕಡೆಗೆ ಎಳೆದಿರುವ ಹಗ್ಗ ಮಾತ್ರ. ನಿಮ್ಮ 10 ಎಂಎಂ ರಾಡುಗಳ ಹಿಂದಿನ ತುದಿ ಮನೆ ಗೋಡೆ ಮೇಲಿದೆ, ಮುಂದಿನ ತುದಿ ಗಾಳಿಯಲ್ಲಿದೆ. ಅವು ಜೋತುಬಿದ್ದ ಹಗ್ಗ. ಮುಂದಿನ ಮೂರು ನಾಲ್ಕು ಅಡಿ ಪಟ್ಟಿಯಲ್ಲಿ ಭಾರವೆಲ್ಲ ಎಡ-ಬಲ ಗೋಡೆಗೇ ಹೋಗಬೇಕು. ಅಂದ್ರೆ ಅಲ್ಲಿ ನಿಜವಾದ ಮೇನ್ ರಾಡು 15 ಅಡಿ ಕಡೆಯದು. ಅದನ್ನೇ ನೀವು ಸಣ್ಣ ರಾಡು ಮಾಡಿ, ದೂರ ದೂರ ಇಟ್ಟು, ಮೇಲಿನ ಪದರಕ್ಕೆ ಹಾಕಿದ್ದೀರಿ.

ಹುಬ್ಬಳ್ಳಿ_ನವನಗರ

ಆದರೆ ಅವರು ಕನ್ಸೀಲ್ಡ್ ಬೀಮ್ ಹಾಕಿದ್ದಾರಲ್ಲ ಮೇಡಂ? ಅದು ಆಧಾರ ಅಲ್ವಾ? ನಮ್ಮ ಮನೆಯಲ್ಲೂ ಇದೆ. ಹತ್ತು ವರ್ಷ ಆಯಿತು, ಒಂದು ಬಿರುಕೂ ಇಲ್ಲ.

ಧಾರವಾಡ_ಸೈಟ್

ನಿಮ್ಮ ಮನೆಯಲ್ಲಿ ಅದು ಎಲ್ಲಿದೆ? ಎಷ್ಟು ಅಡಿ?

ಹುಬ್ಬಳ್ಳಿ_ನವನಗರ

ಮೇಲಿನ ಮಹಡಿಯಲ್ಲಿ ಒಂದು ಅಡ್ಡಗೋಡೆ ಇದೆ, ಅದರ ಕೆಳಗೆ. ಸುಮಾರು 9 ಅಡಿ. ಎರಡೂ ತುದಿ ಗೋಡೆ ಮೇಲೆ ಕೂತಿವೆ.

ಧಾರವಾಡ_ಸೈಟ್

ಹಾಗಾದರೆ ನಿಮ್ಮಲ್ಲಿ ಸ್ಲ್ಯಾಬು ಆ ಬೀಮ್ ಇರಲಿ ಬಿಡಲಿ ನಾಲ್ಕು ಕಡೆ ಗೋಡೆ ಮೇಲೆಯೇ ಕೂತಿದೆ. ಅಡ್ಡಗೋಡೆ ಬರುವ ಜಾಗಕ್ಕೆ ಒಂದಿಷ್ಟು ಹೆಚ್ಚಿಗೆ ರಾಡ್ ಸಿಕ್ಕಿದೆ, ಒಳ್ಳೆಯದೇ. ಬೆಟಗೇರಿಯವರ ಸ್ಲ್ಯಾಬಿನ ಅಂಚಿಗೆ ಅದೊಂದೇ ಗತಿ, ಅದೂ 15 ಅಡಿಗೆ.

ಬೀಮ್ ಅನ್ನೋದು ಸ್ಲ್ಯಾಬಿಗಿಂತ ತುಂಬಾ ಗಟ್ಟಿಯಾಗಿದ್ದರೆ ಮಾತ್ರ ಸ್ಲ್ಯಾಬು ಅದರ ಮೇಲೆ ಭಾರ ಹಾಕುತ್ತೆ. ಎರಡೂ ಒಟ್ಟಿಗೇ ಬಾಗಿದರೆ ಯಾರು ಯಾರನ್ನ ಹಿಡಿಯಬೇಕು? ಅಗಲ ಒಂದೇ ಇದ್ದರೆ ಬಾಗದ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 5 ಇಂಚಿನದಕ್ಕೆ ಹೋಲಿಸಿದರೆ 15 ಇಂಚಿನ ಬೀಮ್ 27 ಪಟ್ಟು ಗಟ್ಟಿ. ನಾಲ್ಕಲ್ಲ ಎಂಟು ರಾಡ್ ತುರುಕಿದರೂ 5 ಇಂಚಿನ ಪಟ್ಟಿಗೆ ಆ ಗಟ್ಟಿತನ ಬರಲ್ಲ. ಅದು ಸ್ಲ್ಯಾಬಿನದೇ ಒಂದು ತುಂಡು, ಸ್ವಲ್ಪ ಕಬ್ಬಿಣ ಜಾಸ್ತಿ ಇರುವ ತುಂಡು.

ರಾಣೆಬೆನ್ನೂರು_ರಾಡ್

ನಾನು ಮುಂದೆ ಬೀಮ್ ಇಲ್ಲ ಅನ್ನೋದನ್ನ ಗಮನಿಸಿರಲಿಲ್ಲ ಮೇಡಂ. ರೂಮು ಅಂತಲೇ ಓದಿಕೊಂಡೆ. ಆದರೆ ಮುಂದೆ ಆಧಾರ ಇಲ್ಲ ಅಂದ್ರೆ ಅದು ಬಾಲ್ಕನಿ ತರ ಆಯಿತಲ್ಲ? ಮೇನ್ ರಾಡನ್ನ ಮೇಲಿನ ಪದರಕ್ಕೆ ತಂದು ಮನೆ ಗೋಡೆಯಿಂದ ಹೊರಗೆ ಚಾಚಿದರೆ ಆಗಲ್ವಾ? ಬಾಲ್ಕನಿಗೆ ನಾವು ಹಾಗೇ ಕಟ್ಟೋದು.

ಧಾರವಾಡ_ಸೈಟ್

ಬಾಲ್ಕನಿಗೆ ನೀವು ಹೇಳಿದ್ದು ಸರಿ, ಅಲ್ಲಿ ಮೇನ್ ರಾಡು ಮೇಲೆಯೇ ಇರಬೇಕು. ಆದರೆ ಬಾಲ್ಕನಿಯ ರಾಡು ಒಳಗಿನ ಸ್ಲ್ಯಾಬಿನೊಳಕ್ಕೆ ಹೋಗಿ ಹಿಡಿದುಕೊಂಡಿರುತ್ತೆ. ಇಲ್ಲಿ ಒಳಗಿರೋದು ಹಳೇ ಮನೆ, ಅದರ ಮಾಳಿಗೆ ಎಂದೋ ಮುಗಿದಿದೆ. ರಾಡು ಎಲ್ಲಿಗೆ ಹೋಗಿ ಹಿಡಿಯಬೇಕು? ಮೇಲಾಗಿ 8 ಅಡಿ ಚಾಚಬೇಕು ಅಂದ್ರೆ ಕಾಂಕ್ರೀಟ್ ಕೆಲಸದ ನಿಯಮಾವಳಿ ಐಎಸ್ 456ರ ಸಾದಾ ಲೆಕ್ಕ ಚಾಚಿನ ಏಳನೇ ಒಂದು ಭಾಗ ದಪ್ಪ ಕೇಳುತ್ತೆ, ಹೆಚ್ಚುಕಡಿಮೆ 14 ಇಂಚು. ಕಬ್ಬಿಣ ನೋಡಿ ಅದು ಒಂದಿಷ್ಟು ಇಳಿಯಬಹುದು, 5 ಇಂಚಿಗಂತೂ ಇಳಿಯಲ್ಲ.

ಹಾವೇರಿ_ರೂಮು

ಮಧ್ಯೆ ಬಂದೆ, ಕ್ಷಮಿಸಿ. ನಮ್ಮದು 10 ಅಡಿ 12 ಅಡಿ ರೂಮು, ನಾಲ್ಕೂ ಕಡೆ ಗೋಡೆ. 10 ಅಡಿ ಕಡೆಗೆ 10 ಎಂಎಂ, 12 ಅಡಿ ಕಡೆಗೆ 8 ಎಂಎಂ ಹಾಕಿದ್ದಾರೆ. ಈಗ ಇದನ್ನೂ ಬಿಚ್ಚಿಸಬೇಕಾ?

ಧಾರವಾಡ_ಸೈಟ್

ಬೇಡ. ನಿಮ್ಮದು ಬೇರೆ ಕಥೆ. ನಾಲ್ಕೂ ಕಡೆ ಗೋಡೆ ಇದ್ದರೆ ಮಧ್ಯದಲ್ಲಿ ಎರಡೂ ಕಡೆಯ ಪಟ್ಟಿ ಒಟ್ಟಿಗೇ ಬಾಗಬೇಕು, ಹಾಗಾಗಿ ಗಿಡ್ಡ ಪಟ್ಟಿ ಜಾಸ್ತಿ ಹೊರುತ್ತೆ. 12ನ್ನು 10ರಿಂದ ಭಾಗಿಸಿ, ಬಂದ 1.2ನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ ಸುಮಾರು 2. ಅಂದ್ರೆ ಹತ್ತಡಿ ಪಟ್ಟಿ ಎರಡು ಪಾಲು, ಹನ್ನೆರಡಡಿ ಪಟ್ಟಿ ಒಂದು ಪಾಲು ಹೊರುತ್ತೆ. ಹತ್ತಡಿಯದು ದಪ್ಪ, ಕೆಳಗೆ; ಇನ್ನೊಂದು ಸಣ್ಣದು, ಮೇಲೆ. ಸರಿಯಾಗಿದೆ. ಒಂದು ಪಾಲು ಅಂದ್ರೂ ಅದು ದುಡಿಯುವ ರಾಡೇ, ಡಿಸ್ಟ್ರಿಬ್ಯೂಶನ್ ಅಂದುಕೊಂಡು 12 ಇಂಚಿಗೊಂದು ಹಾಕಿಸಬೇಡಿ.

ಇದೇ ಲೆಕ್ಕ ಎರಡು ಪಟ್ಟು ಉದ್ದದ ರೂಮಿಗೆ ಮಾಡಿದರೆ 16 ಬರುತ್ತೆ. ಉದ್ದ ಕಡೆಗೆ ಹೋಗೋದು ಹದಿನೇಳರಲ್ಲಿ ಒಂದು ಪಾಲು. ಅದಕ್ಕೇ ಉದ್ದ ಅಗಲದ 2 ಪಟ್ಟು ದಾಟಿದರೆ ಒನ್ ವೇ, ಭಾರ ಸಣ್ಣ ಕಡೆಗೆ ಮಾತ್ರ ಅಂತ ಬಿಟ್ಟುಬಿಡೋದು.

ಬೆಟಗೇರಿ_ಮನೆ

ಮೇಡಂ, ಗುರುವಾರದ ಕೆಲಸ ನಿಲ್ಲಿಸಿದೆ. ಗೌಂಡಿ ಸಿಟ್ಟಾದರು, ಆದರೂ ನಿಲ್ಲಿಸಿದರು. ಈಗ ರಾಡನ್ನ ತಿರುಗಿಸಿ, 10 ಎಂಎಂ 15 ಅಡಿ ಕಡೆಗೆ ಹಾಕಿದರೆ ಸಾಕಾ?

ಧಾರವಾಡ_ಸೈಟ್

ಸಾಲಲ್ಲ. ಮುಂದಿನ ಪಟ್ಟಿಯ ಲೆಕ್ಕ ಮಾತ್ರ ಹೇಳ್ತೀನಿ. ಸ್ಲ್ಯಾಬಿನ ತೂಕ, ಮೇಲಿನ ಫ್ಲೋರಿಂಗ್, ಜನರ ಭಾರ ಎಲ್ಲ ಸೇರಿ ಒಂದು ಚದರ ಮೀಟರಿಗೆ ಸುಮಾರು 600 ಕೆಜಿ ಹಿಡಿಯೋಣ. ಬಾಗಿಸುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತೆ, ಹಾಗಾಗಿ 8 ಅಡಿ ಪಟ್ಟಿಗಿಂತ 15 ಅಡಿ ಪಟ್ಟಿಯಲ್ಲಿ ಮೂರೂವರೆ ಪಟ್ಟು. ಕಬ್ಬಿಣ ಜಾಸ್ತಿ ಹಾಕಿ ಅದನ್ನ ಹೇಗೋ ತಡೆಯಬಹುದು, 10 ಎಂಎಂ 5 ಇಂಚಿಗೊಂದು ಬೇಕಾಗುತ್ತೆ. ಆದರೆ ಬಾಗು ಏರೋದು ನಾಲ್ಕನೇ ಘಾತಕ್ಕೆ, 12 ಪಟ್ಟು. ಅದನ್ನ ತಡೆಯೋಕೆ ದಪ್ಪವೇ ಬೇಕು. 15 ಅಡಿಗೆ ಆರೂವರೆ ಏಳು ಇಂಚಾದರೂ ಬೇಕು. 5 ಇಂಚಲ್ಲಿ ಬಿದ್ದುಹೋಗದೇ ಇರಬಹುದು, ಆದರೆ ಸೆಂಟ್ರಿಂಗ್ ಬಿಚ್ಚಿ ಒಂದೆರಡು ವರ್ಷಕ್ಕೆ ಮುಂದಿನ ಅಂಚು ಮಧ್ಯದಲ್ಲಿ ಜೋತಿರೋದು ಬರಿಗಣ್ಣಿಗೆ ಕಾಣುತ್ತೆ. ಆ ಅಂಚಿನ ಮಧ್ಯೆ ಅಡಿಯಿಂದ ಬಿರುಕು ಹೊರಟು ಮನೆ ಗೋಡೆ ಕಡೆಗೆ ಓಡುತ್ತೆ. ಆ ಗುರುತು ಕಂಡರೆ ಉದ್ದ ಕಡೆಯ ರಾಡು ಸೋತಿದೆ ಅಂತಲೇ ಅರ್ಥ, ಯಾಕಂದ್ರೆ ಬಾಗಿದ್ದರಿಂದ ಬರುವ ಬಿರುಕು ದುಡಿಯುವ ರಾಡಿಗೆ ಅಡ್ಡಲಾಗಿ ಬರುತ್ತೆ.

ನಿಮಗೆ ಸುಲಭದ ದಾರಿ ಮುಂದೆ ನಿಜವಾದ ಬೀಮ್ ಹಾಕೋದು. 9 ಇಂಚು ಅಗಲ, ಸ್ಲ್ಯಾಬೂ ಸೇರಿ 15 ಇಂಚು ಎತ್ತರ, ಅಂದ್ರೆ ಸ್ಲ್ಯಾಬಿನ ಕೆಳಗೆ 10 ಇಂಚು ಇಳಿಯುತ್ತೆ. ಕೆಳಗೆ 12 ಎಂಎಂ ಮೂರು, ಮೇಲೆ ಎರಡು, 8 ಎಂಎಂ ರಿಂಗ್ 6 ಇಂಚಿಗೊಂದು. ಈ ಒಂದು ಸ್ಲ್ಯಾಬಿನ ಭಾರಕ್ಕೆ ಇಷ್ಟು ಸಾಕು. ಮೇಲೆ ರೂಮಿನ ಗೋಡೆ ಬರೋದಾದರೆ ಇದು ಸಾಲಲ್ಲ, ಆಗ ಡ್ರಾಯಿಂಗ್ ಮಾಡಿಸಲೇಬೇಕು. ಬೀಮ್ ಬಂದ ಕ್ಷಣ ನಿಮ್ಮ ಸ್ಲ್ಯಾಬು ನಾಲ್ಕು ಕಡೆ ಕೂರುತ್ತೆ, ಗೌಂಡಿ ಈಗ ಕಟ್ಟಿರುವ ರಾಡೇ ಸರಿಯಾಗುತ್ತೆ! ಕಟ್ಟಿದ ಜಾಲ ಬಿಚ್ಚೋದು ಬೇಡ. 10 ಎಂಎಂ ರಾಡಿನ ತುದಿ ಬೀಮಿನ ಹೊರಗಿನ ರಾಡಿನವರೆಗೆ ಹೋಗಿದೆಯಾ ಅಂತ ಮಾತ್ರ ನೋಡಿ.

ಹುಬ್ಬಳ್ಳಿ_ನವನಗರ

10 ಇಂಚು ಕೆಳಗೆ ಇಳಿದರೆ ಎದುರಿನಿಂದ ನೋಡೋಕೆ ಚೆನ್ನಾಗಿರಲ್ಲ. ಬೀಮನ್ನ ಸ್ಲ್ಯಾಬಿನ ಮೇಲಕ್ಕೆ ಎಬ್ಬಿಸಿ ಪ್ಯಾರಪೆಟ್ ಒಳಗೆ ಮುಚ್ಚಬಹುದಲ್ವಾ?

ಧಾರವಾಡ_ಸೈಟ್

ಮಾಡಬಹುದು, ಒಳ್ಳೆಯ ಉಪಾಯ. ಆದರೆ ಆಗ ಸ್ಲ್ಯಾಬು ಬೀಮಿನ ಮೇಲೆ ಕೂತಿರಲ್ಲ, ಬೀಮಿಗೆ ತೂಗುಬಿದ್ದಿರುತ್ತೆ. ಸ್ಲ್ಯಾಬಿನ ರಾಡು ಬೀಮಿನ ಕೆಳರಾಡಿನ ಮೇಲೆ ಹಾಯ್ದು ಹೋಗಲೇಬೇಕು, ರಿಂಗುಗಳೂ ಒತ್ತಾಗಿ ಬೇಕು. ಮಳೆನೀರು ಹೋಗೋಕೆ ಪೈಪನ್ನೂ ಮೊದಲೇ ಇಡಬೇಕು. ಮೇಲೆ ರೂಮು ಬರುವುದಾದರೆ ಆ ಎಬ್ಬಿಸಿದ ಬೀಮು ಬಾಗಿಲಿಗೆ ಅಡ್ಡ ಬರುತ್ತೆ.

ರಾಣೆಬೆನ್ನೂರು_ರಾಡ್

ಬೀಮಿನ ತುದಿ ಕೂರೋದು ಎಡ-ಬಲ ಗೋಡೆಗಳ ಮುಂದಿನ ಕೊನೆಯಲ್ಲಿ ಅಲ್ವಾ ಮೇಡಂ? ಇಟ್ಟಿಗೆ ಮೇಲೆ ನೇರವಾಗಿ ಕೂರಿಸಿದರೆ ಒಡೆಯುತ್ತೆ. ನಾವು ಕೆಳಗೆ ಕಾಂಕ್ರೀಟ್ ಗಟ್ಟಿ ಹಾಕ್ತೀವಿ, ಒಂದೂವರೆ ಅಡಿ ಉದ್ದ.

ಧಾರವಾಡ_ಸೈಟ್

ಹೌದು, ಇದು ಮುಖ್ಯ. ಒಂದೊಂದು ತುದಿಗೆ ಸುಮಾರು ಎರಡು ಟನ್ ಬರುತ್ತೆ. 6 ಇಂಚು ದಪ್ಪದ ಬೆಡ್ ಬ್ಲಾಕ್ ಹಾಕಿ. ಬೆಟಗೇರಿಯವರೇ, ಆ ಎರಡು ಗೋಡೆಗೆ ಪಾಯ ಎಷ್ಟು ಆಳ? ನಿಮ್ಮ ಕಡೆ ಎರೆ ಮಣ್ಣು. ಮನೆಯ ಹಳೇ ಪಾಯ ಇಳಿಯೋದೆಲ್ಲ ಇಳಿದು ನಿಂತಿರುತ್ತೆ, ಹೊಸ ಗೋಡೆ ಇನ್ನೂ ಇಳಿಯಬಹುದು. ಗೋಡೆಯ ಮುಂದಿನ ತುದಿಯ ಪಕ್ಕ ಒಂದು ಗುಂಡಿ ತೋಡಿ ನೋಡಿ.

ಬೆಟಗೇರಿ_ಮನೆ

ಇವತ್ತು ಬೆಳಿಗ್ಗೆ ತೋಡಿಸಿದೆ. ಪಾಯ 3 ಅಡಿಗೆ ಮುಗಿದಿದೆ. ಅದರ ಕೆಳಗೂ ಎರೆಯೇ, ನಾಲ್ಕೂವರೆ ಅಡಿವರೆಗೆ ತೋಡಿದರೂ ಗರಸು ಸಿಗಲಿಲ್ಲ. ಗುಂಡಿಯ ಗೋಡೆಯಲ್ಲಿ ಬೆರಳು ಹೋಗುವಷ್ಟು ಸೀಳು ಇವೆ. ಬೀಮಿಗೆ ಗೌಂಡಿ ಒಪ್ಪಿದ್ದಾರೆ, ಮುಂದಿನ ಸಾಲಿನ ಹಲಗೆ ಬಿಚ್ಚಿದ್ದಾರೆ. ಪಾಯದ ವಿಷಯದಲ್ಲಿ ಮಾತ್ರ, ಇಷ್ಟು ಸಾಕು, ಊರಲ್ಲಿ ಎಲ್ಲರದೂ ಇಷ್ಟೇ ಅಂತಾರೆ.

ಧಾರವಾಡ_ಸೈಟ್

ಅದನ್ನ ಇಲ್ಲಿ ಕೂತು ಹೇಳೋಕೆ ಆಗಲ್ಲ. ಗುಂಡಿ ಮುಚ್ಚಬೇಡಿ, ಮಳೆನೀರು ಬೀಳದಂತೆ ಮೇಲೆ ತಾಡಪತ್ರಿ ಹಾಕಿಡಿ. ಗದಗಿನಲ್ಲೇ ಇರುವ ಯಾರಾದರೂ ಎಂಜಿನಿಯರನ್ನ ಕರೆಸಿ ಆ ಗುಂಡಿಯನ್ನೇ ತೋರಿಸಿ. ಅವರು ನೋಡುವವರೆಗೆ ಬೀಮಿನ ಕಬ್ಬಿಣ ಕತ್ತರಿಸಬೇಡಿ.