ಸಹಾಯ ಬೇಕು: ಬೀಮ್ ಡಿಫ್ಲೆಕ್ಷನ್, ಗರಿಷ್ಠ ಬಾಗು ಎಲ್ಲಿ ಅಂತ ಹುಡುಕೋದು ಹೇಗೆ?

8 ಮೀ ಉದ್ದದ ಸಿಂಪ್ಲಿ ಸಪೋರ್ಟೆಡ್ ಬೀಮ್. ಎಡತುದಿಯಿಂದ 2 ಮೀಟರ್‌ನಲ್ಲಿ 10 kN, 6 ಮೀಟರ್‌ನಲ್ಲಿ 20 kN ಪಾಯಿಂಟ್ ಲೋಡ್. 3ರಿಂದ 5 ಮೀಟರ್‌ವರೆಗೆ ಮಾತ್ರ 4 kN/m ಹರಡಿದ ಲೋಡ್. ಎಡ ರಿಯಾಕ್ಷನ್ 16.5 kN ಬಂತು.

```
M = 16.5x - 10<x-2> - 2<x-3>² + 2<x-5>² - 20<x-6>
```

ಬ್ರಾಕೆಟ್ ಒಳಗಿನ ಬೆಲೆ ನೆಗೆಟಿವ್ ಆದರೆ ಆ ಪದ ಸೊನ್ನೆ. ಹರಡಿದ ಲೋಡ್ ಒಮ್ಮೆ ಶುರುವಾದರೆ ಸಮೀಕರಣದಲ್ಲಿ ಬೀಮ್ ಕೊನೆವರೆಗೂ ಹೋಗುತ್ತದೆ. ಅದನ್ನು 5 ಮೀಟರ್‌ನಲ್ಲಿ ನಿಲ್ಲಿಸಲು +2<x-5>² ಸೇರಿಸಿದ್ದೇನೆ. ಅದಿಲ್ಲದಿದ್ದರೆ x = 8ರಲ್ಲಿ M ಸೊನ್ನೆ ಬರಲ್ಲ, -18 ಬರುತ್ತದೆ. ಒಳ್ಳೆಯ ಚೆಕ್ ಅಲ್ವಾ?

ಎರಡು ಸಲ ಇಂಟಿಗ್ರೇಟ್ ಮಾಡಿ, ಎರಡೂ ತುದಿಯಲ್ಲಿ y = 0 ಹಾಕಿದರೆ C2 = 0, C1 = -116.33. ಬ್ರಾಕೆಟ್ ಬಿಡಿಸದೆ ಹಾಗೇ ಇಂಟಿಗ್ರೇಟ್ ಮಾಡಿದ್ದೇನೆ.

ಈಗ ತೊಡಕು. EI·y' ಬೆಲೆ x = 3ರಲ್ಲಿ -47.08, x = 5ರಲ್ಲಿ +39.58. ಅಂದರೆ ಗರಿಷ್ಠ ಬಾಗು ಇವೆರಡರ ನಡುವೆ, ಸುಮಾರು 4.11 ಮೀಟರ್‌ನಲ್ಲಿ. ಇಲ್ಲಿ M ಎಲ್ಲೂ ನೆಗೆಟಿವ್ ಆಗಲ್ಲ, ಹಾಗಾಗಿ ಸ್ಲೋಪ್ ಸೊನ್ನೆಯಾಗೋದು ಒಂದೇ ಕಡೆ. ಆದರೆ ಬಲಗಡೆ ಓವರ್‌ಹ್ಯಾಂಗ್ ಇದ್ದು ಅದರ ತುದಿಯಲ್ಲೂ ಲೋಡ್ ಇದ್ದರೆ? M ಚಿಹ್ನೆ ಬದಲಾಗುತ್ತದೆ. ಆಗ ಪ್ರತಿ ಲೋಡ್ ಬಿಂದುವಿನಲ್ಲೂ ಸ್ಲೋಪ್ ನೋಡಬೇಕಾ, ಇನ್ನೂ ಚಿಕ್ಕ ದಾರಿ ಇದೆಯಾ? ತುದಿಯ ಬಾಗನ್ನೂ ಬೇರೆಯಾಗಿ ಹೋಲಿಸಬೇಕು ಅನ್ನಿಸುತ್ತದೆ. ಗೊತ್ತಿದ್ದವರು ತಿಳಿಸಿ.